ಹೈಡ್ ಮಾಡಿದ ಸ್ಲೈಡ್ 9: ಸಾರಾಂಶಕ್ಕೆ ಹಾಕಬೇಕಾ, ಬಿಡಬೇಕಾ?

ಪವರ್‌ಪಾಯಿಂಟ್ ಸ್ಲೈಡ್‌ಗಳ ಡೆಕ್ ಒಂದನ್ನು ಒಂದು ಪುಟದ ಸಾರಾಂಶಕ್ಕೆ ಇಳಿಸುವಾಗ ಮುಖ್ಯ ಸ್ಲೈಡ್‌ಗಳು ಅಷ್ಟೇನೂ ಕಾಡುವುದಿಲ್ಲ. ಅಲ್ಲಿ ಏನು ಹೇಳಿದ್ದಾರೋ ಅದನ್ನು ಚಿಕ್ಕದು ಮಾಡಿದರೆ ಆಯಿತು. ತಲೆ ಕೆಡಿಸುವುದು ಉಳಿದದ್ದು: ಕೊನೆಯ ಅಪೆಂಡಿಕ್ಸ್, ಜೊತೆಗೆ ಕಳಿಸಿದ ಎಕ್ಸೆಲ್, ಮತ್ತೆ ನಡುವೆ ಎಲ್ಲೋ ಮಸುಕಾಗಿ ಕುಳಿತ ಹೈಡ್ ಮಾಡಿದ ಸ್ಲೈಡ್. ಇವೆಲ್ಲವನ್ನೂ 'ಎಕ್ಸ್‌ಟ್ರಾ' ಅಂತ ಒಂದೇ ಬುಟ್ಟಿಗೆ ಹಾಕಿದರೆ ಎಡವುತ್ತೇವೆ. ಅಪೆಂಡಿಕ್ಸ್ ಅಂದರೆ ಬರೆದವರು 'ಬೇಕಿದ್ದರೆ ನೋಡಿ' ಅಂತ ಕೊಟ್ಟಿದ್ದು, ಅದಕ್ಕೆ ಅವರು ಜವಾಬ್ದಾರರು. ಹೈಡ್ ಮಾಡಿದ್ದು ಹಾಗಲ್ಲ. ಅದನ್ನು ತೋರಿಸುವುದು ಬೇಡ ಅಂತ ಯಾರೋ ಯಾವಾಗಲೋ ತೀರ್ಮಾನಿಸಿದ್ದಾರೆ, ಯಾಕೆ ಅನ್ನುವುದು ಫೈಲ್‌ನಲ್ಲಿ ಬರೆದಿಲ್ಲ.

ಒಂದು ಡೆಕ್ ಕಟ್ಟಿಕೊಂಡು ನೋಡೋಣ. ಒಂದು ಸಂಸ್ಥೆಯ ರಿಪೇರಿ ತಂಡ ಈಗ ಕಾಗದದ ಚೀಟಿಯಲ್ಲಿ ಕೆಲಸ ಬರೆದುಕೊಳ್ಳುತ್ತದೆ, ಅದನ್ನು ಮೊಬೈಲ್ ಆ್ಯಪ್‌ಗೆ ಬದಲಾಯಿಸಬೇಕು ಅನ್ನುವುದು ಪ್ರಸ್ತಾವ. ಒಂದು ಶಾಖೆಯಲ್ಲಿ ಪ್ರಯೋಗ ನಡೆದಿದೆ, ಈಗ ಎಲ್ಲ ಶಾಖೆಗೂ ವಿಸ್ತರಿಸಲು ನಿರ್ದೇಶಕರ ಸಹಿ ಬೇಕು. ಅವರ ನಿಯಮ ಸರಳ: ಹಾಕಿದ ಹಣ 15 ತಿಂಗಳೊಳಗೆ ವಾಪಸ್ ಬರಬೇಕು. ಡೆಕ್‌ನಲ್ಲಿ 26 ಸ್ಲೈಡ್. 1ರಿಂದ 12 ಮುಖ್ಯ ಭಾಗ, ಅದರಲ್ಲಿ 9 ಹೈಡ್ ಆಗಿದೆ. 13ರಿಂದ ಅಪೆಂಡಿಕ್ಸ್.

ಸ್ಲೈಡ್ 6 ದೊಡ್ಡ ಅಕ್ಷರದಲ್ಲಿ ಹೇಳುತ್ತದೆ: '14 ತಿಂಗಳಲ್ಲಿ ಹಣ ವಾಪಸ್'. ಸಾರಾಂಶಕ್ಕೆ ಹೇಳಿ ಮಾಡಿಸಿದ ಸಾಲು, ಅಲ್ವಾ? ಆದರೆ ಅಪೆಂಡಿಕ್ಸ್‌ನ ಸ್ಲೈಡ್ 19 ತೆರೆದರೆ ಲೆಕ್ಕದ ಹೊಟ್ಟೆ ಕಾಣುತ್ತದೆ. ಒಟ್ಟು ಖರ್ಚು 84 ಲಕ್ಷ. ಶೇ. 90 ಚೀಟಿಗಳು ಆ್ಯಪ್ ಮೂಲಕ ಬಂದರೆ ತಿಂಗಳಿಗೆ 6 ಲಕ್ಷ ಉಳಿತಾಯ. 84ನ್ನು 6ರಿಂದ ಭಾಗಿಸಿದರೆ 14. ಅಂದರೆ ಆ 14 ನಿಂತಿರುವುದು ಶೇ. 90 ಅನ್ನುವ ಊಹೆಯ ಮೇಲೆ, ಮತ್ತು ಆ ಊಹೆ ಮುಖ್ಯ ಭಾಗದಲ್ಲಿ ಎಲ್ಲೂ ಇಲ್ಲ.

ಅಪೆಂಡಿಕ್ಸ್‌ನಿಂದ ಏನು ಎತ್ತಿಕೊಳ್ಳಬೇಕು ಅನ್ನುವುದಕ್ಕೆ ನಾನು ಇಟ್ಟುಕೊಂಡಿರುವ ಪ್ರಶ್ನೆ ಒಂದೇ: ಈ ಸಂಗತಿ ಬದಲಾದರೆ ನಿರ್ಧಾರ ತಿರುಗುತ್ತದಾ? ಇಲ್ಲಿ ಲೆಕ್ಕ ಹಾಕಿಯೇ ನೋಡಬಹುದು. 15 ತಿಂಗಳ ಗಡಿಗೆ ಬೇಕಾದ ಉಳಿತಾಯ 84 ಭಾಗಿಸು 15, ಅಂದರೆ ತಿಂಗಳಿಗೆ 5.6 ಲಕ್ಷ. ಉಳಿತಾಯ ಆ್ಯಪ್ ಬಳಕೆಗೆ ಸರಿಸಮವಾಗಿ ಏರಿಳಿಯುತ್ತದೆ ಅಂತ ಇಟ್ಟುಕೊಂಡರೆ, ಅದಕ್ಕೆ ಶೇ. 84 ಬಳಕೆ ಬೇಕು. 90ರಿಂದ 84ಕ್ಕೆ ಇಳಿದರೆ ಗಡಿ ಮುಟ್ಟಿತು, ಇನ್ನೂ ಇಳಿದರೆ ಪ್ರಸ್ತಾವ ನಿಯಮದ ಆಚೆ. ಆದ್ದರಿಂದ ಸ್ಲೈಡ್ 19ರ ಆ ಒಂದು ಊಹೆ ಸಾರಾಂಶದಲ್ಲಿ, 14 ತಿಂಗಳು ಇರುವ ಅದೇ ವಾಕ್ಯದಲ್ಲಿ ಬರಲೇಬೇಕು. ಅಡಿಟಿಪ್ಪಣಿಗೆ ತಳ್ಳಿದರೆ ಯಾರೂ ಓದುವುದಿಲ್ಲ. (ಉಳಿತಾಯ ನಿಜಕ್ಕೂ ಹಾಗೆ ಸರಿಸಮವಾಗಿ ಇಳಿಯದೇ ಇರಬಹುದು. ಕಾಗದ ಮತ್ತು ಆ್ಯಪ್ ಎರಡನ್ನೂ ನಡೆಸಬೇಕಾದರೆ ನಷ್ಟ ಇನ್ನೂ ಜಾಸ್ತಿ. ಹಾಗಾಗಿ ಶೇ. 84 ಅನ್ನುವುದು ನಮ್ಮ ಅಂದಾಜು ಅಂತ ಹೇಳಿಯೇ ಬರೆಯಬೇಕು.)

ಉಳಿದ ಅಪೆಂಡಿಕ್ಸ್, ಅಂದರೆ ಮಾರಾಟಗಾರರ ಹೋಲಿಕೆ, ತರಬೇತಿ ವೇಳಾಪಟ್ಟಿ, ಪರದೆಯ ಚಿತ್ರಗಳು, ಇವು ಯಾವುವೂ ನಿರ್ಧಾರವನ್ನು ತಿರುಗಿಸುವುದಿಲ್ಲ. 'ವಿವರ ಸ್ಲೈಡ್ 13ರಿಂದ 26' ಅಂತ ಒಂದು ಸಾಲು ಸಾಕು.

ಈಗ ಸ್ಲೈಡ್ 9. ಅದರಲ್ಲಿ ಇರುವುದು ಪ್ರಯೋಗದ ಫಲಿತಾಂಶ: ಶೇ. 78 ಚೀಟಿಗಳು ಮಾತ್ರ ಆ್ಯಪ್ ಮೂಲಕ ಬಂದಿವೆ. ಆ ಪ್ರಕಾರ ಉಳಿತಾಯ 5.2 ಲಕ್ಷ, ಹಣ ವಾಪಸ್ ಬರಲು 16 ತಿಂಗಳು ದಾಟುತ್ತದೆ. ಇದನ್ನು ಕಂಡ ಕೂಡಲೇ 'ಮುಚ್ಚಿಟ್ಟಿದ್ದಾರೆ' ಅಂತ ಅನ್ನಿಸುವುದು ಸಹಜ, ಹಾಗೇ ಸಾರಾಂಶದ ಮೊದಲ ಸಾಲಿಗೆ ಅದನ್ನು ಎಳೆದು ತರುವ ಆಸೆಯೂ ಬರುತ್ತದೆ. ಸ್ವಲ್ಪ ತಡೆಯಿರಿ. ಸ್ಲೈಡ್ ಹೈಡ್ ಮಾಡುವುದಕ್ಕೆ ಬೇರೆ ಕಾರಣಗಳೂ ಇರುತ್ತವೆ: ಅಂಕಿ ಹಳೆಯದಾಗಿದೆ, ಸಮಯ ಸಾಲದು, ಆ ಸ್ಲೈಡ್ ಬೇರೆ ಸಭೆಗೆ ಮಾಡಿದ್ದು, ಅಥವಾ ಯಾರಾದರೂ ಕೇಳಿದರೆ ಮಾತ್ರ ತೋರಿಸೋಣ ಅಂತ ಇಟ್ಟಿದ್ದು. ಕೊನೆಯದು ತುಂಬಾ ಸಾಮಾನ್ಯ. ಪವರ್‌ಪಾಯಿಂಟ್‌ನಲ್ಲಿ ಶೋ ನಡೆಯುತ್ತಿರುವಾಗ 9 ಒತ್ತಿ Enter ಒತ್ತಿದರೆ ಹೈಡ್ ಆದ ಸ್ಲೈಡ್ ಕೂಡ ತೆರೆದುಕೊಳ್ಳುತ್ತದೆ.

ಕಾರಣ ಊಹಿಸಲು ಕೆಲವು ಸುಳಿವು ಸಿಗುತ್ತವೆ. ಬೇರೆ ಸ್ಲೈಡ್‌ನಿಂದ ಇದಕ್ಕೆ ಲಿಂಕ್ ಕೊಟ್ಟಿದ್ದರೆ ಅದು ಪ್ರಶ್ನೆಗೆಂದು ಇಟ್ಟಿದ್ದು, ಅಪೆಂಡಿಕ್ಸ್‌ನಂತೆಯೇ ನೋಡಬಹುದು. ಅಡಿಯಲ್ಲಿ ಹಳೇ ದಿನಾಂಕ ಇದ್ದರೆ, ಹಳೇ ಟೆಂಪ್ಲೇಟ್‌ನ ಬಣ್ಣ ಇದ್ದರೆ, ಹಿಂದಿನ ಆವೃತ್ತಿಯ ಉಳಿಕೆ ಇರಬೇಕು. ನಮ್ಮ ಸ್ಲೈಡ್ 9ಕ್ಕೆ ಲಿಂಕ್ ಇಲ್ಲ, ಮೂಲೆಯಲ್ಲಿ 'ಮೊದಲ 3 ತಿಂಗಳು' ಅಂತ ಸಣ್ಣದಾಗಿ ಇದೆ. ಪ್ರಯೋಗ ನಡೆದದ್ದು 6 ತಿಂಗಳು.

ಸುಳಿವು ಇಷ್ಟೇ. ಮುಂದಿನ ಹೆಜ್ಜೆ ಬರೆದವರನ್ನು ಕೇಳುವುದು. 'ಯಾಕೆ ಮುಚ್ಚಿಟ್ಟಿರಿ' ಅಂತ ಅಲ್ಲ, 'ಸ್ಲೈಡ್ 9ರ 78 ಈಗಲೂ ಸರಿಯಾ? 6 ತಿಂಗಳ ಅಂಕಿ ಇದೆಯಾ?' ಅಂತ. ಉತ್ತರ ಬಂತು ಅನ್ನಿ: ಕೊನೆಯ ತಿಂಗಳಲ್ಲಿ ಬಳಕೆ ಶೇ. 86. ಆಗ ಉಳಿತಾಯ ಸುಮಾರು 5.73 ಲಕ್ಷ, ಹಣ ವಾಪಸ್ ಸುಮಾರು 14.7 ತಿಂಗಳಲ್ಲಿ. ಗಡಿಯೊಳಗೆ ಇದೆ, ಆದರೆ ಕೂದಲೆಳೆಯಷ್ಟು. ನೋಡಿ, 78ನ್ನು ಹಾಗೇ ಹಾಕಿದ್ದರೆ ಒಳ್ಳೆಯ ಪ್ರಸ್ತಾವವೊಂದು ಹಳೇ ಅಂಕಿಗೆ ಬಿದ್ದುಹೋಗುತ್ತಿತ್ತು. ಸ್ಲೈಡ್ 9ನ್ನು ನೋಡದೇ ಬಿಟ್ಟಿದ್ದರೆ 86 ಅನ್ನುವುದು ಯಾರಿಗೂ ಗೊತ್ತಾಗುತ್ತಿರಲಿಲ್ಲ.

ಸಾರಾಂಶದಲ್ಲಿ ನಾನು ಬರೆಯುವುದು ಹೀಗೆ: 'ಶೇ. 90 ಬಳಕೆ ಊಹಿಸಿ 14 ತಿಂಗಳಲ್ಲಿ ಹಣ ವಾಪಸ್ (ಸ್ಲೈಡ್ 6, 19). ಪ್ರಯೋಗದ ಕೊನೆಯ ತಿಂಗಳಲ್ಲಿ ಕಂಡ ಬಳಕೆ ಶೇ. 86, ಅದು ಡೆಕ್‌ನಲ್ಲಿ ಇಲ್ಲ, ತಂಡ ತಿಳಿಸಿದ್ದು. ಬಳಕೆ ಶೇ. 84ಕ್ಕಿಂತ ಇಳಿದರೆ 15 ತಿಂಗಳು ಮೀರುತ್ತದೆ, ಇದು ನಮ್ಮ ಅಂದಾಜು.' ಯಾವುದು ಡೆಕ್‌ನ ಮಾತು, ಯಾವುದು ತಂಡದ್ದು, ಯಾವುದು ನಮ್ಮದು ಅಂತ ಬೇರೆ ಬೇರೆ ಕಾಣಬೇಕು. ಸ್ಲೈಡ್ 9ರ ಹೆಸರೇ ಇಲ್ಲಿ ಬೇಕಾಗಲಿಲ್ಲ.

ಬರೆದವರು ಸಿಗದೇ ಹೋದರೆ? ಆಗಲೂ 78ನ್ನು ಡೆಕ್‌ನ ಅಭಿಪ್ರಾಯ ಅಂತ ಹಾಕುವುದಿಲ್ಲ. ಕೆಳಗೆ ಬೇರೆಯಾಗಿ: 'ಹೈಡ್ ಆಗಿರುವ ಸ್ಲೈಡ್ 9 ಮೊದಲ 3 ತಿಂಗಳ ಬಳಕೆ ಶೇ. 78 ಎನ್ನುತ್ತದೆ. ಈಗಿನ ಅಂಕಿ ಖಚಿತವಾಗಿಲ್ಲ, ಸಹಿಗೆ ಮುಂಚೆ ಕೇಳಬೇಕು.' ಸಂಬಳ, ಬೇರೆ ಗ್ರಾಹಕರ ದರ ಇಂಥದ್ದು ಹೈಡ್ ಸ್ಲೈಡ್‌ನಲ್ಲಿ ಕಂಡರೆ ಸಾರಾಂಶಕ್ಕೂ ಬೇಡ, ಫೈಲ್ ಮುಂದೆ ಕಳಿಸುವುದೂ ಬೇಡ. ಮೊದಲು ಬರೆದವರಿಗೆ ತಿಳಿಸಿ.

ಇಷ್ಟೆಲ್ಲ ಮಾಡಲು ಹೈಡ್ ಆದದ್ದು ಮೊದಲು ಕಣ್ಣಿಗೆ ಬೀಳಬೇಕು. ಪವರ್‌ಪಾಯಿಂಟ್‌ನಲ್ಲಿ ಅದರ ಸಂಖ್ಯೆಯ ಮೇಲೆ ಅಡ್ಡಗೆರೆ ಇರುತ್ತದೆ. ಪಿಡಿಎಫ್ ಬಂದರೆ ಕಷ್ಟ. ಪಿಡಿಎಫ್ ಮಾಡುವಾಗ Include hidden slides ಟಿಕ್ ಆಗಿದ್ದರೆ ಹೈಡ್ ಸ್ಲೈಡ್ ಯಾವ ಗುರುತೂ ಇಲ್ಲದೆ ಉಳಿದವುಗಳಂತೆಯೇ ಕಾಣುತ್ತದೆ. ಟಿಕ್ ಇಲ್ಲದಿದ್ದರೆ ಸ್ಲೈಡ್ ಸಂಖ್ಯೆ 8 ಆದ ಮೇಲೆ ನೇರ 10ಕ್ಕೆ ಹಾರುತ್ತದೆ, ಸಂಖ್ಯೆ ಮುದ್ರಿಸಿದ್ದರೆ ಮಾತ್ರ. ಹಾಗಾಗಿ ಮೂಲ ಫೈಲನ್ನೇ ಕೇಳಿ. ದೊಡ್ಡ ಡೆಕ್ ಆದರೆ ಪೈಥಾನ್‌ನಲ್ಲಿ ಹೀಗೆ ಪಟ್ಟಿ ತೆಗೆಯಬಹುದು:

```python
from pptx import Presentation

for i, s in enumerate(Presentation("deck.pptx").slides, 1):
    if s._element.get("show") in ("0", "false"):
        print(i)
```

ನಮ್ಮ ಡೆಕ್‌ಗೆ ಇದು 9 ಅಂತ ಒಂದೇ ಸಾಲು ತೋರಿಸುತ್ತದೆ.