ಪ್ಲಾಸ್ಟಿಕ್ ಹಾಳೆಯ ಕೆಳಗೆ ಬಿಸಿ ಎಷ್ಟಿದೆ, ನೋಡಿದ್ದೀರಾ?

ಸಸಿಮಡಿಯಿಂದ ಟೊಮೆಟೊ ಸಸಿ ಕಿತ್ತಾಗ ಬೇರಿನ ತುಂಬ ಸಣ್ಣ ಗಂಟುಗಳಿದ್ದರೆ, ಆ ಮಣ್ಣಲ್ಲಿ ಬೇರುಗಂಟು ಜಂತುಹುಳು ಸೇರಿಕೊಂಡಿದೆ ಅಂತಲೇ ಲೆಕ್ಕ. ಇಂಥ ಮಡಿಗೆ ಬೇಸಿಗೆಯಲ್ಲಿ ಪಾರದರ್ಶಕ ಪ್ಲಾಸ್ಟಿಕ್ ಹೊದಿಸಿ ಮಣ್ಣನ್ನು ಕಾಯಿಸಲು ನಾನು ಹೇಳುತ್ತೇನೆ. ಆಗ ಎಲ್ಲರೂ ಕೇಳುವುದು ಒಂದೇ: ಎಷ್ಟು ದಿನ ಬಿಡಬೇಕು? ನಾನು ಮೊದಲು ಕೇಳುವುದು, 15 ಸೆಂ.ಮೀ. ಆಳದಲ್ಲಿ ಬಿಸಿ ಎಷ್ಟಿದೆ ಅಂತ.

ಕಾರಣ ಇದೆ. ಬಿಸಿ ಬಿಡದೆ 42 ಡಿಗ್ರಿ ಸೆಲ್ಸಿಯಸ್ ಇದ್ದರೆ ಈ ಹುಳುವಿನ ಮೊಟ್ಟೆಗಳು ಸುಮಾರು 13 ಗಂಟೆಯಲ್ಲಿ ಸಾಯುತ್ತವೆ. ಅದೇ 38 ಡಿಗ್ರಿಯಾದರೆ ಎರಡು ವಾರಕ್ಕೂ ಜಾಸ್ತಿ ಬೇಕು. ನಾಲ್ಕೇ ಡಿಗ್ರಿಗೆ ಇಷ್ಟು ಅಂತರ! ಹೊಲದಲ್ಲಂತೂ ರಾತ್ರಿ ಮಣ್ಣು ತಣಿಯುತ್ತದೆ, ಮಧ್ಯೆ ಮೋಡವೂ ಬರುತ್ತದೆ. ಹಾಗಾಗಿ ಬಿರುಬಿಸಿಲಿನ ಕಾಲದಲ್ಲೂ ನಾಲ್ಕರಿಂದ ಆರು ವಾರ ಹಾಳೆ ತೆಗೆಯಬಾರದು.

ಒಂದು ಮಡಿಯ ಲೆಕ್ಕ ನೋಡೋಣ. ಮಧ್ಯಾಹ್ನ 5 ಸೆಂ.ಮೀ. ಆಳದಲ್ಲಿ 50 ಡಿಗ್ರಿ, 15ರಲ್ಲಿ 43, 30ರಲ್ಲಿ 37 ಇದೆ ಅಂದುಕೊಳ್ಳಿ. ಮೇಲಿನ ಪದರ ಕೆಲವೇ ದಿನದಲ್ಲಿ ಶುದ್ಧ. ನಡುವಿನದಕ್ಕೆ ವಾರಗಳೇ ಬೇಕು. 30 ಸೆಂ.ಮೀ.ನಲ್ಲಿರುವ ಹುಳುಗಳಲ್ಲಿ ಬಹಳಷ್ಟು ಉಳಿದುಕೊಳ್ಳುತ್ತವೆ. ಆರು ವಾರವಾದ ಮೇಲೆ ಆಳವಾಗಿ ಉತ್ತರೆ ಅವನ್ನು ನಾವೇ ಮೇಲೆ ತಂದ ಹಾಗೆ. ಅದಕ್ಕೇ ಮಡಿಯನ್ನು ಮೊದಲೇ ಮಾಡಿಟ್ಟು, ಹಾಳೆ ತೆಗೆದ ಮೇಲೆ ಸುಮ್ನೆ ಮೇಲ್ಮಣ್ಣು ಕೆದಕಿ ಬಿತ್ತುವುದು ಒಳ್ಳೆಯದು.

ಹಾಸುವಾಗ ಎರಡು ವಿಷಯದಲ್ಲಿ ರಾಜಿ ಬೇಡ. ಮೊದಲನೆಯದು ನೀರು. ಒಣಮಣ್ಣಲ್ಲಿ ಬಿಸಿ ಕೆಳಗಿಳಿಯುವುದಿಲ್ಲ, ರೋಗಾಣುಗಳೂ ಒಣಗಿ ಮಲಗಿದ್ದಾಗ ಸುಲಭಕ್ಕೆ ಸಾಯುವುದಿಲ್ಲ. 30 ಸೆಂ.ಮೀ.ವರೆಗೆ ಚೆನ್ನಾಗಿ ನೆನೆಸಿ, ಆಮೇಲೆ ಹೊದಿಸಿ. ಎರಡನೆಯದು ಹಾಳೆ ಮಣ್ಣಿಗೆ ಅಂಟಿದಂತೆ ಕೂರಬೇಕು. ಹೆಂಟೆ, ಕೂಳೆ ಇದ್ದರೆ ಕೆಳಗೆ ಗಾಳಿ ನಿಂತು ಬಿಸಿ ಏರುವುದಿಲ್ಲ. 25ರಿಂದ 50 ಮೈಕ್ರಾನ್ ದಪ್ಪ ಸಾಕು. ಗಾಳಿ ಜೋರಿದ್ದ ಕಡೆ ದಪ್ಪನೆಯದೇ ವಾಸಿ. ಅಂಚನ್ನು ಸುತ್ತಲೂ ಮಣ್ಣಲ್ಲಿ ಹೂತು, ತೂತು ಕಂಡ ದಿನವೇ ಟೇಪ್ ಹಚ್ಚಿ. ಕಪ್ಪು ಹಾಳೆ ಬೇಡ. ಅದು ಬಿಸಿಲನ್ನು ತಾನೇ ಹೀರಿಕೊಳ್ಳುತ್ತದೆ, ಮಣ್ಣಿಗೆ ಅಷ್ಟು ಬಿಸಿ ದಾಟುವುದಿಲ್ಲ.

ಹಾಳೆಯ ಒಳಮೈಯಲ್ಲಿ ನೀರಹನಿ ಕಟ್ಟಿದ್ದರೆ ಕೆಲಸ ಸರಿಯಾಗಿದೆ. ಹನಿ ಇಲ್ಲದೆ ಒಂದು ಕಡೆ ಒಣಗಿ ಕಂಡರೆ ಅಲ್ಲಿ ತೂತಿದೆ, ಇಲ್ಲವೇ ತೇವ ಆರಿದೆ. ಥರ್ಮಾಮೀಟರ್ ಚುಚ್ಚುವಾಗ ಮಡಿಯ ನಡುವೆ ಮಾತ್ರ ನೋಡಿ ಖುಷಿಪಡಬೇಡಿ. ಅಂಚಿನಲ್ಲಿ ಬಿಸಿ ಯಾವಾಗಲೂ ಕಡಿಮೆ, ಗಂಟುಬೇರು ಮೊದಲು ವಾಪಸ್ ಬರುವುದೂ ಅಲ್ಲೇ. ಹಾಳೆಯನ್ನು ಮಡಿಗಿಂತ ಅಗಲವಾಗಿ ಹಾಸಿದರೆ ಇದಕ್ಕೆ ಅರ್ಧ ಪರಿಹಾರ. ಇನ್ನು ಜೇಕು ಕಳೆಯ ಗಡ್ಡೆ ಈ ಬಿಸಿಗೆ ಜಗ್ಗುವುದಿಲ್ಲ, ಅದನ್ನು ಅಗೆದೇ ತೆಗೆಯಬೇಕು.