ಸಿಲಿಂಡರ್ ಬಿಟ್ಟುಹೋದ ತುಕ್ಕಿನ ಬಳೆ

ಪ್ರಶ್ನೆ: ಅಡುಗೆಮನೆಯ ಬಿಳಿ ಟೈಲ್ಸ್ ಮೇಲೆ ಗ್ಯಾಸ್ ಸಿಲಿಂಡರ್ ಇಟ್ಟ ಜಾಗದಲ್ಲಿ ತುಕ್ಕಿನ ಗುಂಡು ಕಲೆ ಉಳಿದಿದೆ. ಬ್ಲೀಚಿಂಗ್ ಪೌಡರ್ ಹಾಕಿ ಎಷ್ಟು ಉಜ್ಜಿದರೂ ಹೋಗುತ್ತಿಲ್ಲ. ಏನು ಮಾಡಲಿ?

ಮತ್ತೆ ಬ್ಲೀಚಿಂಗ್ ಪೌಡರ್! ಈ ಉತ್ತರ ಎಷ್ಟನೇ ಸಲ ಬರೆಯುತ್ತಿದ್ದೇನೋ ಲೆಕ್ಕ ತಪ್ಪಿದೆ. ಬ್ಲೀಚ್ ಬಟ್ಟೆಯ ಕಲೆಯನ್ನು ಬೆಳ್ಳಗೆ ಮಾಡುತ್ತದಲ್ಲ, ತುಕ್ಕನ್ನೂ ಮಾಡಬೇಕು ಅನ್ನೋದು ಎಲ್ಲರ ಲೆಕ್ಕ. ಆದರೆ ಅರಿಶಿನ, ಟೀ ಕಲೆಗಳಲ್ಲಿರುವುದು ಗಿಡದ ಬಣ್ಣ. ಬ್ಲೀಚ್ ಆ ಬಣ್ಣವನ್ನು ಆಮ್ಲಜನಕದ ಜೊತೆ ಸೇರಿಸಿ ಒಡೆಯುತ್ತದೆ. ತುಕ್ಕು ಅಂದರೆ ಆಗಲೇ ಆಮ್ಲಜನಕ ಹೊಟ್ಟೆ ತುಂಬ ಕುಡಿದ ಕಬ್ಬಿಣ. ಅದಕ್ಕೆ ಇನ್ನಷ್ಟು ಕುಡಿಸಿದರೆ ಏನಾಗುತ್ತದೆ? ಏನೂ ಇಲ್ಲ. ಕಲೆ ಇನ್ನೂ ಗಟ್ಟಿಯಾಗಿ ಕೂರಬಹುದು, ಅಷ್ಟೇ. ಪಕ್ಕದಲ್ಲಿ ಅಂಟಿದ್ದ ಜಿಡ್ಡು, ಕೊಳೆ ಹೋಗಿ ಟೈಲ್ಸ್ ಬೆಳ್ಳಗಾಗುವುದರಿಂದ "ಸ್ವಲ್ಪ ಹೋಯ್ತು" ಅನಿಸುತ್ತದೆ. ಬಳೆ ಅಲ್ಲೇ ಇರುತ್ತದೆ. ಆಮೇಲೆ ಸಿಟ್ಟು ಬಂದು ಅದರ ಮೇಲೇ ಬಾತ್ರೂಮ್ ಆಸಿಡ್ ಸುರಿಯುವವರಿದ್ದಾರೆ. ದಯವಿಟ್ಟು ಬೇಡ. ಎರಡೂ ಸೇರಿದರೆ ಕ್ಲೋರಿನ್ ಗಾಳಿ ಏಳುತ್ತದೆ, ಅದು ಎದೆ ಹಿಡಿಯುವ ವಿಷ.

ತುಕ್ಕಿಗೆ ಬೇಕಾಗಿರುವುದು ಹುಳಿ. ಮೊದಲು ಬ್ಲೀಚ್ ಪೂರ್ತಿ ತೊಳೆದು ನೆಲ ಒರೆಸಿ. ದಿನಸಿ ಅಂಗಡಿಯ ನಿಂಬೆ ಉಪ್ಪು, ಅಂದರೆ ಸಿಟ್ರಿಕ್ ಆಸಿಡ್, ಒಂದು ದೊಡ್ಡ ಚಮಚ ತೆಗೆದುಕೊಂಡು ಅರ್ಧ ಲೋಟ ಬಿಸಿನೀರಿನಲ್ಲಿ ಕರಗಿಸಿ. ಹಳೇ ಬನಿಯನ್ ಬಟ್ಟೆಯನ್ನು ಅದರಲ್ಲಿ ಅದ್ದಿ ಬಳೆಯ ಮೇಲೆ ಸುತ್ತಿ ಇಡಿ, ಮೇಲೆ ಪ್ಲಾಸ್ಟಿಕ್ ಹಾಳೆ ಮುಚ್ಚಿ. ಒಣಗಿದರೆ ಕೆಲಸ ನಿಲ್ಲುತ್ತದೆ, ಅದಕ್ಕೇ ಮುಚ್ಚುವುದು. ಒಂದು ಗಂಟೆ ಬಿಟ್ಟು ತೆಗೆದರೆ ಬಟ್ಟೆ ಹಳದಿಯಾಗಿರುತ್ತದೆ. ಅದೇ ಗುರುತು, ತುಕ್ಕು ಕರಗಿ ಬರುತ್ತಿದೆ. ಹಳೇ ಟೂತ್‌ಬ್ರಷ್‌ನಲ್ಲಿ ತಿಕ್ಕಿ ತೊಳೆಯಿರಿ. ವರ್ಷಗಳ ಕಲೆಗೆ ಎರಡು ಮೂರು ಸಲ ಬೇಕಾಗುತ್ತದೆ. ಟೈಲ್ಸ್ ಸಂದಿಯ ಸಿಮೆಂಟಿಗೆ ಹುಳಿ ಆಗಿಬರುವುದಿಲ್ಲ, ಅಲ್ಲಿ ಜಾಸ್ತಿ ಹೊತ್ತು ಬಿಡಬೇಡಿ. ಕಬ್ಬಿಣದ ಉಜ್ಜುವ ನಾರು ಮುಟ್ಟಲೇಬೇಡಿ. ಅದರ ಪುಡಿ ಉಳಿದು ಮತ್ತೆ ತುಕ್ಕಾಗುತ್ತದೆ. ತಗಡಿನ ಬಕೆಟ್ಟಿನ ಕಲೆಗೂ ಇದೇ ಮದ್ದು.

ಮೊಸಾಯಿಕ್, ಮಾರ್ಬಲ್, ಶಹಾಬಾದ್ ಕಲ್ಲಿನ ನೆಲವಾದರೆ ಇದನ್ನು ಮಾಡಲೇಬೇಡಿ. ಅನುಮಾನವಿದ್ದರೆ ಮೂಲೆಯಲ್ಲಿ ಒಂದು ಹನಿ ನಿಂಬೆರಸ ಬಿಡಿ. ನೊರೆ ಬಂದರೆ, ಇಲ್ಲವೇ ಹೊಳಪು ಮಂಕಾದರೆ, ಹುಳಿ ಕಲ್ಲನ್ನೇ ತಿನ್ನುತ್ತಿದೆ ಎಂದರ್ಥ.

ಮತ್ತೆ ಬರಬಾರದು ಅಂದರೆ ಸಿಲಿಂಡರನ್ನು ಚಕ್ರದ ಸ್ಟ್ಯಾಂಡ್ ಮೇಲೆ ಇಡಿ. ನೆಲ ಒರೆಸಿದ ನೀರು ಅದರ ಬುಡದ ಬಳೆಯಡಿ ನಿಲ್ಲುವುದೇ ಎಲ್ಲಕ್ಕೂ ಮೂಲ.

ಸಿಲಿಂಡರ್ ಸರಿಸಿದಾಗ, ಯಾರೂ ಕೇಳದಿದ್ದರೂ ಹೇಳುತ್ತೇನೆ, ಮೇಲಿನ ಹಿಡಿಗೆ ಆಧಾರವಾದ ಪಟ್ಟಿಗಳ ಒಳಬದಿ ನೋಡಿ. ಎ, ಬಿ, ಸಿ, ಡಿ ಎಂಬ ಅಕ್ಷರಗಳಲ್ಲಿ ಒಂದು, ಪಕ್ಕದಲ್ಲಿ ಇಸವಿಯ ಎರಡು ಅಂಕಿ ಇರುತ್ತದೆ. ಎ ಅಂದರೆ ಮಾರ್ಚ್‌ವರೆಗೆ, ಬಿ ಜೂನ್‌ವರೆಗೆ, ಸಿ ಸೆಪ್ಟೆಂಬರ್‌ವರೆಗೆ, ಡಿ ಡಿಸೆಂಬರ್‌ವರೆಗೆ. ಸಿಲಿಂಡರಿನ ಮುಂದಿನ ಪರೀಕ್ಷೆಯ ಗಡುವು ಅದು. ದಾಟಿದ್ದರೆ ತಂದವರ ಕೈಯಲ್ಲೇ ವಾಪಸ್ ಕಳಿಸಿ.