ಗೋಡೌನ್ ಎಣಿಸಿದಾಗ ಸ್ಟಾಕ್ ಕಡಿಮೆ ಬಂತು: ನಷ್ಟಕ್ಕೆ ಎಷ್ಟು, ಸಂಬಳಕ್ಕೆ ಎಷ್ಟು?

ಸ್ಟಾಕ್ ಕೊರತೆಯ ಲೆಕ್ಕವನ್ನು ಪುಸ್ತಕದಲ್ಲಿ ಎರಡು ಸಾಲಿನಲ್ಲಿ ಮುಗಿಸಿಬಿಡುತ್ತಾರೆ. ಕೊರತೆ ಖಾತೆಗೆ ಡೆಬಿಟ್, ಖರೀದಿಗೆ ಕ್ರೆಡಿಟ್, ಆಯ್ತು. ಆದರೆ ಕೆಲಸಕ್ಕೆ ಸೇರಿದ ಮೇಲೆ ನನಗೆ ಕಷ್ಟವಾಗಿದ್ದು ಆ ಎರಡು ಸಾಲು ಅಲ್ಲ. ಅದಕ್ಕಿಂತ ಮುಂಚಿನ ಪ್ರಶ್ನೆ: ಕಡಿಮೆ ಬಂದದ್ದರಲ್ಲಿ ನಿಜವಾಗಿ ಕಡಿಮೆ ಆಗಿರೋದು ಎಷ್ಟು? ಆಮೇಲಿನ ಪ್ರಶ್ನೆ: ಅದರಲ್ಲಿ ಯಾರ ಸಂಬಳಕ್ಕೆ ಕೈ ಹಾಕಬಹುದು, ಎಷ್ಟರ ಮಟ್ಟಿಗೆ? ಒಂದೇ ಉದಾಹರಣೆ ಹಿಡಿದು ಕೊನೆವರೆಗೂ ಹೋಗೋಣ.

ಹುಬ್ಬಳ್ಳಿಯಲ್ಲಿ ಒಂದು ಎಲೆಕ್ಟ್ರಿಕಲ್ ಹೋಲ್‌ಸೇಲ್ ಅಂಗಡಿ ಅಂತ ಇಟ್ಟುಕೊಳ್ಳಿ. ಮಾಲು 1.5 ಸ್ಕ್ವೇರ್ ಎಂಎಂ ವೈರ್, 90 ಮೀಟರ್ ಕಾಯಿಲ್. ಖರೀದಿ ಬೆಲೆ ಕಾಯಿಲ್‌ಗೆ 1,500 ರೂಪಾಯಿ, ಅದರ ಮೇಲೆ ಜಿಎಸ್‌ಟಿ 18%. ಮಾರ್ಚ್ 31ರ ಸಂಜೆ ಷಟರ್ ಎಳೆದ ಮೇಲೆ ಎಣಿಸಿದರು. ಕಂಪ್ಯೂಟರ್‌ನಲ್ಲಿ 412 ಇದೆ, ಗೋಡೌನ್‌ನಲ್ಲಿ ಸಿಕ್ಕಿದ್ದು 388. ಅಂದರೆ 24 ಕಡಿಮೆ.

ಎಣಿಸುವಾಗಲೇ ಒಂದು ಎಚ್ಚರ ಬೇಕು. ಎಣಿಸುವವರ ಕೈಗೆ ಕೊಡುವ ಹಾಳೆಯಲ್ಲಿ ಪುಸ್ತಕದ ಅಂಕಿ ಇರಬಾರದು. 412 ಅಂತ ಮೊದಲೇ ಕಣ್ಣಿಗೆ ಬಿದ್ದರೆ ಸುಸ್ತಾದ ಮನುಷ್ಯ 405ರ ಹತ್ತಿರ ಬಂದಾಗ ‘ಸರಿ ಇದೆ ಬಿಡು’ ಅಂತ ಬರೆದುಬಿಡುತ್ತಾನೆ. ಸ್ಟೋರ್‌ಕೀಪರ್ ಜೊತೆಗೆ ನಿಂತಿರಲಿ, ಆದರೆ ಎಣಿಸುವುದು ಬೇರೆಯವರು. ಪೆಟ್ಟಿಗೆಗಳನ್ನು ದೂರದಿಂದ ಲೆಕ್ಕ ಹಾಕಬೇಡಿ, ಒಂದೊಂದನ್ನೂ ಕೈಯಲ್ಲಿ ಎತ್ತಿ ನೋಡಿ. ಅಟ್ಟಿಯ ಹಿಂದಿನ ಸಾಲಲ್ಲಿ ಖಾಲಿ ಪೆಟ್ಟಿಗೆ ಅಂದವಾಗಿ ಮುಚ್ಚಿಕೊಂಡು ಕೂತಿರುತ್ತೆ, ಎತ್ತಿದಾಗಲೇ ಹಗುರ ಅಂತ ಗೊತ್ತಾಗೋದು. ಮೀಟರ್ ಲೆಕ್ಕದಲ್ಲಿ ಕತ್ತರಿಸಿ ಮಾರಿದ ಕಾಯಿಲ್ ಇದ್ದರೆ ಅದನ್ನು ಪೂರ್ತಿ ಒಂದು ಅಂತ ಹಿಡಿಯಬೇಡಿ, ಉಳಿದ ಮೀಟರ್ ಅಳೆದು ಬರೆಯಿರಿ. ಎಣಿಸಿದ ಅಟ್ಟಿಗೆ ಸೀಮೆಸುಣ್ಣದಲ್ಲಿ ಗುರುತು ಹಾಕಿ, ಹಾಳೆಗೆ ಇಬ್ಬರ ಸಹಿ ತೆಗೆದುಕೊಳ್ಳಿ. ಮುಂದೆ ಹಣ ವಸೂಲಿಯ ಮಾತು ಬಂದಾಗ ಈ ಸಹಿಯೇ ಆಧಾರ.

ಈಗ 24ಕ್ಕೆ ಬರೋಣ. ಇದನ್ನು ಕೂಡಲೇ ಕೊರತೆ ಅಂತ ಕರೆಯಬೇಡಿ. ಸದ್ಯಕ್ಕೆ ಇದು ವ್ಯತ್ಯಾಸ ಅಷ್ಟೇ.

ಚಲನ್ ಪುಸ್ತಕ ತಿರುವಿ ಹಾಕಿದಾಗ ಮಾರ್ಚ್ 30ರಂದು ಒಬ್ಬ ಕಂಟ್ರಾಕ್ಟರ್ ಸೈಟ್‌ಗೆ 10 ಕಾಯಿಲ್ ಹೋಗಿರೋದು ಸಿಕ್ಕಿತು. ಅವರ ಸಹಿಯೂ ಇದೆ, ಆದರೆ ಬಿಲ್ ಆಗಿಲ್ಲ. ಮಾಲು ಹೊರಡುವಾಗಲೇ ಬಿಲ್ ಆಗಬೇಕಿತ್ತು, ಆದ್ದರಿಂದ ಇದು ಮಾರ್ಚ್ ತಿಂಗಳ ಮಾರಾಟಕ್ಕೇ ಸೇರಬೇಕು, ತೆರಿಗೆಯೂ ಮಾರ್ಚ್‌ದೇ. ಇದನ್ನು ಹುಡುಕದೆ ಕೊರತೆ ಅಂತ ಬರೆದಿದ್ದರೆ ಅಂಗಡಿಗೆ ಬರಬೇಕಾದ ದುಡ್ಡೂ ಹೋಗುತ್ತಿತ್ತು, ಬಡಪಾಯಿ ಸ್ಟೋರ್‌ಕೀಪರ್ ತಲೆಗೂ ಬರುತ್ತಿತ್ತು.

ಎರಡನೆಯದು: 2.5 ಸ್ಕ್ವೇರ್ ಎಂಎಂ ವೈರ್ ಎಣಿಸಿದಾಗ 4 ಕಾಯಿಲ್ ಜಾಸ್ತಿ ಬಂದಿತ್ತು. ಇಲ್ಲಿ 4 ಕಡಿಮೆ, ಅಲ್ಲಿ 4 ಜಾಸ್ತಿ, ಹಾಗಾದರೆ ವಜಾ ಮಾಡಿಬಿಡೋಣ ಅನ್ನಿಸುತ್ತೆ ಅಲ್ವಾ? ಸುಮ್ನೆ ಅಂಕಿ ಹೊಂದಿತು ಅಂತ ಹಾಗೆ ಮಾಡಬಾರದು. ಬಿಲ್ ಹುಡುಕಬೇಕು. ಹುಡುಕಿದಾಗ ಒಂದು ಬಿಲ್‌ನಲ್ಲಿ 2.5 ಅಂತ ಇದೆ, ಅದೇ ಮಾಲಿನ ಚಲನ್‌ನಲ್ಲಿ ಗಿರಾಕಿ ಸಹಿ ಮಾಡಿ ತೆಗೆದುಕೊಂಡಿರೋದು 1.5. ಅಂದರೆ ಐಟಂ ತಪ್ಪಾಗಿ ಒತ್ತಿದ್ದಾರೆ, ಗಿರಾಕಿಯಿಂದ ಜಾಸ್ತಿ ಹಣವನ್ನೂ ತೆಗೆದುಕೊಂಡಿದ್ದಾರೆ. ಕ್ರೆಡಿಟ್ ನೋಟ್ ಕೊಟ್ಟು ಸರಿಯಾದ ಬಿಲ್ ಮಾಡಬೇಕು. ಹೀಗೆ ಕಾಗದ ಸಿಕ್ಕರೆ ಮಾತ್ರ ಹೊಂದಾಣಿಕೆ. ಸಿಗದಿದ್ದರೆ ಜಾಸ್ತಿಯನ್ನು ಜಾಸ್ತಿಯಾಗಿ, ಕಡಿಮೆಯನ್ನು ಕಡಿಮೆಯಾಗಿ ಬೇರೆಬೇರೆಯೇ ತೋರಿಸಿ.

ಎರಡೂ ಸರಿಪಡಿಸಿದ ಮೇಲೆ ಪುಸ್ತಕದ ಅಂಕಿ 412 ಹೋಗಿ 398 ಆಯಿತು. ಇರೋದು 388. ನಿಜವಾದ ಕೊರತೆ 10 ಕಾಯಿಲ್, ಅಂದರೆ 15,000 ರೂಪಾಯಿ.

ವೈರ್ ಒಣಗಿ ಕಡಿಮೆ ಆಗೋದಿಲ್ಲ, ಅದಕ್ಕೇ ಇದು ಅಸಾಮಾನ್ಯ ನಷ್ಟ. ಬ್ಯಾಡಗಿ ಮೆಣಸಿನಕಾಯಿ ಅಥವಾ ಅಡಿಕೆ ಆಗಿದ್ದರೆ ಕಥೆಯೇ ಬೇರೆ. ಅಲ್ಲಿ ತೇವ ಆರಿ ತೂಕ ಇಳಿಯೋದು ಸಹಜ. 100 ಕೆಜಿ 98 ಆದರೆ ಇಡೀ ಖರೀದಿ ಹಣವನ್ನು 98 ಕೆಜಿಗೇ ಹಂಚುತ್ತೇವೆ, ಕೆಜಿ ಬೆಲೆ ಸ್ವಲ್ಪ ಏರುತ್ತೆ, ಬೇರೆ ನಮೂದು ಬೇಡ. ಅಸಾಮಾನ್ಯ ನಷ್ಟವನ್ನು ಹಾಗೆ ಉಳಿದ ಮಾಲಿನ ಬೆಲೆಯೊಳಗೆ ಸೇರಿಸುವಂತಿಲ್ಲ. ಅದನ್ನು ಹೊರಗೆ ತೆಗೆದು ಲಾಭ-ನಷ್ಟ ಖಾತೆಗೆ ಒಯ್ಯಬೇಕು.

ಇನ್ನು ಜಿಎಸ್‌ಟಿ. ಪರೀಕ್ಷೆಯಲ್ಲೂ ಕೆಲಸದಲ್ಲೂ ಜಾಸ್ತಿ ಜನ ಬಿಟ್ಟುಹೋಗುವ ಜಾಗ ಇದು. ಕಳೆದುಹೋದ, ಕಳುವಾದ, ಹಾಳಾದ, ಲೆಕ್ಕದಿಂದ ತೆಗೆದುಹಾಕಿದ ಮಾಲಿನ ಮೇಲೆ ಇನ್‌ಪುಟ್ ಕ್ರೆಡಿಟ್ ಸಿಗೋದಿಲ್ಲ. ಸಿಜಿಎಸ್‌ಟಿ ಕಾಯ್ದೆಯ ಕಲಂ 17(5)(ಎಚ್) ಅದನ್ನೇ ಹೇಳುತ್ತೆ. ಖರೀದಿ ಮಾಡಿದಾಗ ತೆಗೆದುಕೊಂಡ 18%, ಅಂದರೆ 2,700 ರೂಪಾಯಿ ವಾಪಸ್ ಹೋಗಬೇಕು. GSTR-3B ತುಂಬುವಾಗ ಇದನ್ನು 4(B)(1)ರಲ್ಲಿ ಹಾಕುತ್ತೇವೆ. ಹಾಗಾಗಿ ಅಂಗಡಿಯ ನಿಜವಾದ ನಷ್ಟ 15,000 ಅಲ್ಲ, 17,700.

ಮೊದಲ ನಮೂದುಗಳು ಹೀಗೆ:

ಸ್ಟಾಕ್ ಕೊರತೆ ಖಾತೆ ಡೆಬಿಟ್ 15,000. ಖರೀದಿ ಖಾತೆ ಕ್ರೆಡಿಟ್ 15,000.
ಸ್ಟಾಕ್ ಕೊರತೆ ಖಾತೆ ಡೆಬಿಟ್ 2,700. ಇನ್‌ಪುಟ್ ಸಿಜಿಎಸ್‌ಟಿ ಕ್ರೆಡಿಟ್ 1,350, ಇನ್‌ಪುಟ್ ಎಸ್‌ಜಿಎಸ್‌ಟಿ ಕ್ರೆಡಿಟ್ 1,350.

ಖರೀದಿಗೆ ಯಾಕೆ ಕ್ರೆಡಿಟ್ ಅಂತ ನಾನೂ ತುಂಬಾ ದಿನ ತಲೆ ಕೆಡಿಸಿಕೊಂಡಿದ್ದೆ. ಕ್ಲೋಸಿಂಗ್ ಸ್ಟಾಕನ್ನು ಎಣಿಸಿದ 388ರ ಮೇಲೆ ಹಾಕಿದರೆ 5,82,000. 398 ಇದ್ದಿದ್ದರೆ 5,97,000 ಆಗುತ್ತಿತ್ತು. ಅಂದರೆ ಎಣಿಸಿದ ಅಂಕಿ ಹಾಕಿದ ಕ್ಷಣದಲ್ಲೇ 15,000 ನಷ್ಟ ಟ್ರೇಡಿಂಗ್ ಖಾತೆಯೊಳಗೆ ನುಂಗಿಹೋಗಿದೆ, ಒಟ್ಟು ಲಾಭ ಅಷ್ಟು ಕಡಿಮೆ ತೋರಿಸುತ್ತಿದೆ. ಮಾಲೀಕರು ನೋಡಿದರೆ ‘ಈ ವರ್ಷ ಮಾರ್ಜಿನ್ ಇಳಿಯಿತು’ ಅಂದುಕೊಳ್ಳುತ್ತಾರೆ, ಕೊರತೆ ಅಂತ ಎಲ್ಲೂ ಕಾಣೋದೇ ಇಲ್ಲ. ಖರೀದಿಗೆ ಕ್ರೆಡಿಟ್ ಕೊಟ್ಟಾಗ ಆ 15,000 ಟ್ರೇಡಿಂಗ್ ಖಾತೆಯಿಂದ ಹೊರಗೆ ಬಂದು ತನ್ನ ಹೆಸರಿನಲ್ಲಿ ನಿಲ್ಲುತ್ತೆ. ಅದೇ 15,000ವನ್ನು ಕ್ಲೋಸಿಂಗ್ ಸ್ಟಾಕ್‌ನಿಂದ ಮತ್ತೊಮ್ಮೆ ಕಳೆದರೆ ನಷ್ಟ ಎರಡು ಸಲ ಬಿದ್ದ ಹಾಗೆ. ಟ್ಯಾಲಿಯಲ್ಲೂ ಇದೇ ಮೋಸ ಆಗೋದು: Physical Stock ವೋಚರ್ ಹಾಕಿದರೆ ಸ್ಟಾಕ್‌ನ ಅಂಕಿ ಸರಿಹೋಗುತ್ತೆ, ಆದರೆ ಯಾವ ಲೆಡ್ಜರ್‌ಗೂ ನಮೂದು ಬೀಳೋದಿಲ್ಲ. ಜರ್ನಲ್ ನಾವೇ ಹಾಕಬೇಕು.

ಈಗ ಆ 10 ಕಾಯಿಲ್ ಯಾರದು?

ಇಶ್ಯೂ ಸ್ಲಿಪ್ ಪುಸ್ತಕದಲ್ಲಿ ಮಾರ್ಚ್ ಎರಡನೇ ವಾರದ ಒಂದು ಸ್ಲಿಪ್ ಇದೆ. 4 ಕಾಯಿಲ್, ಸ್ಟೋರ್‌ಕೀಪರ್ ಸಹಿ, ಪಾರ್ಟಿ ಹೆಸರಿನ ಜಾಗ ಖಾಲಿ. ಅದಕ್ಕೆ ಬಿಲ್ಲೂ ಇಲ್ಲ. ಉಳಿದ 6ಕ್ಕೆ ಯಾವ ಸುಳಿವೂ ಇಲ್ಲ. ಆ ಗೋಡೌನ್‌ಗೆ ಮೂರು ಬೀಗದ ಕೈ, ಅದರಲ್ಲಿ ಒಂದು ಮಾಲೀಕರ ಹತ್ತಿರವೇ ಇದೆ.

‘ಗೋಡೌನ್ ಅವನದು, ಹತ್ತೂ ಅವನ ಲೆಕ್ಕಕ್ಕೆ ಬರಿ’ ಅನ್ನೋದು ಅಂಗಡಿಗಳಲ್ಲಿ ಕೇಳುವ ಮಾತು. ಕಾನೂನು ಹಾಗೆ ಹೇಳೋದಿಲ್ಲ. 1936ರ ವೇತನ ಪಾವತಿ ಕಾಯ್ದೆಯಲ್ಲಿದ್ದ ನಿಯಮವೇ 2025ರ ನವೆಂಬರ್ 21ರಿಂದ ಜಾರಿಯಾದ ವೇತನ ಸಂಹಿತೆಯಲ್ಲೂ ಇದೆ. ಮಾಲನ್ನು ಆ ನೌಕರರ ಸುಪರ್ದಿಗೆ ಸ್ಪಷ್ಟವಾಗಿ ಒಪ್ಪಿಸಿರಬೇಕು. ನಷ್ಟ ನೇರವಾಗಿ ಅವರ ನಿರ್ಲಕ್ಷ್ಯದಿಂದ ಅಥವಾ ತಪ್ಪಿನಿಂದ ಆಗಿರಬೇಕು. ಹಿಡಿಯುವ ಹಣ ಆದ ನಷ್ಟಕ್ಕಿಂತ ಜಾಸ್ತಿ ಇರಬಾರದು. ಮತ್ತು ಹಿಡಿಯುವ ಮುಂಚೆ ಅವರ ಮಾತು ಹೇಳಲು ಅವಕಾಶ ಕೊಟ್ಟಿರಬೇಕು.

ಈ ಅಳತೆಗೆ ಹಿಡಿದರೆ 4 ಕಾಯಿಲ್ ನಿಲ್ಲುತ್ತೆ. ಸ್ಲಿಪ್‌ನಲ್ಲಿ ಅವರದೇ ಸಹಿ ಇದೆ, ಸಂಖ್ಯೆಯೂ ಇದೆ. ನೋಟಿಸ್ ಕೊಟ್ಟಾಗ ಅವರು ‘ಗದ್ದಲದಲ್ಲಿ ಹೆಸರು ಬರೆಯೋದು ಮರೆತೆ, ತಪ್ಪು ನನ್ನದೇ’ ಅಂತ ಬರೆದುಕೊಟ್ಟರು. ಉಳಿದ 6 ನಿಲ್ಲೋದಿಲ್ಲ. ಮೂರು ಜನರ ಹತ್ತಿರ ಬೀಗದ ಕೈ ಇದ್ದಾಗ ಒಬ್ಬರ ಸುಪರ್ದಿ ಅನ್ನೋದೇ ಇಲ್ಲ. ಐದಾರು ಹುಡುಗರ ಸಂಬಳದಲ್ಲಿ ಸಮನಾಗಿ ಹಂಚಿ ಹಿಡಿಯೋದೂ ತಪ್ಪು, ಯಾಕೆಂದರೆ ಯಾರ ನಿರ್ಲಕ್ಷ್ಯ ಅಂತ ತೋರಿಸದೆ ಎಲ್ಲರಿಗೂ ದಂಡ ಹಾಕಿದ ಹಾಗಾಯಿತು. ಈ ವಿಷಯದಲ್ಲಿ ನನಗೆ ಎರಡನೇ ಮಾತಿಲ್ಲ. ತಿಂಗಳ ಸಂಬಳದ ಮೇಲೆ ಮನೆ ನಡೆಸುವವರ ಹಣ ಅದು. 6 ಕಾಯಿಲ್ ಅಂಗಡಿಯ ನಷ್ಟ.

ಎಷ್ಟು ಹಿಡಿಯಬೇಕು? ಮಾರಾಟ ಬೆಲೆ 1,900 ಇರಬಹುದು, ಎಂಆರ್‌ಪಿ ಇನ್ನೂ ಜಾಸ್ತಿ ಇರಬಹುದು. ಅದನ್ನು ಹಿಡಿದರೆ ಅಂಗಡಿ ತನ್ನ ನೌಕರನಿಂದಲೇ ಲಾಭ ತೆಗೆದ ಹಾಗೆ. ಕೈಬಿಟ್ಟು ಹೋಗಿರೋದು ಖರೀದಿ ಬೆಲೆ 6,000 ಮತ್ತು ವಾಪಸ್ ಕೊಟ್ಟ ಜಿಎಸ್‌ಟಿ 1,080. ಒಟ್ಟು 7,080. ನೌಕರನಿಂದ ಹಣ ಬರುತ್ತೆ ಅಂತ ಜಿಎಸ್‌ಟಿ ವಾಪಸ್ ಮಾಡೋದನ್ನು ಬಿಡುವಂತಿಲ್ಲ, ಅವರಿಗೆ ನಾವು ಮಾಲು ಮಾರಿಲ್ಲವಲ್ಲ.

ಸ್ಟಾಫ್ ವಸೂಲಿ ಖಾತೆ ಡೆಬಿಟ್ 7,080. ಸ್ಟಾಕ್ ಕೊರತೆ ಖಾತೆ ಕ್ರೆಡಿಟ್ 7,080.
ಲಾಭ-ನಷ್ಟ ಖಾತೆ ಡೆಬಿಟ್ 10,620. ಸ್ಟಾಕ್ ಕೊರತೆ ಖಾತೆ ಕ್ರೆಡಿಟ್ 10,620.

6 ಕಾಯಿಲ್‌ನ 9,000 ಮತ್ತು ಅದರ ಜಿಎಸ್‌ಟಿ 1,620 ಸೇರಿ 10,620. ಕೊರತೆ ಖಾತೆ ಸೊನ್ನೆ ಆಯಿತು. ಮಾರ್ಚ್ 31ರ ಬ್ಯಾಲೆನ್ಸ್ ಶೀಟ್‌ನಲ್ಲಿ 7,080 ಬರಬೇಕಾದ ಹಣವಾಗಿ ಆಸ್ತಿ ಕಡೆ ಕೂರುತ್ತೆ. ಅವರು ಒಪ್ಪಿ ಬರೆದುಕೊಟ್ಟಿದ್ದಕ್ಕೆ ಹೀಗೆ. ಒಪ್ಪದೆ ತಕರಾರು ನಡೆಯುತ್ತಿದ್ದರೆ ಪೂರ್ತಿ 17,700 ನಷ್ಟಕ್ಕೇ ಹಾಕಿ, ಮುಂದೆ ಬಂದಾಗ ಆದಾಯ ಅಂತ ತೋರಿಸೋದು ಸುರಕ್ಷಿತ.

ಒಂದೇ ತಿಂಗಳಲ್ಲಿ ಹಿಡಿಯಬಹುದಾ? ಅವರ ಸಂಬಳ 18,000. ಪಿಎಫ್ ಮತ್ತು ಹಳೇ ಅಡ್ವಾನ್ಸ್ ಸೇರಿ ಈಗಾಗಲೇ 5,000 ಹೋಗುತ್ತಿದೆ. ಎಲ್ಲಾ ಕಡಿತ ಸೇರಿ ಸಂಬಳದ ಅರ್ಧ, ಅಂದರೆ 9,000 ದಾಟಬಾರದು. ಒಮ್ಮೆಗೇ ಹಿಡಿದರೆ 12,080 ಆಗುತ್ತೆ. ಮೂರು ಕಂತು ಮಾಡಿದರೆ ತಿಂಗಳಿಗೆ 2,360, ಒಟ್ಟು ಕಡಿತ 7,360. ಪ್ರತಿ ತಿಂಗಳೂ ಪೂರ್ತಿ 18,000 ಸಂಬಳಕ್ಕೆ ಡೆಬಿಟ್, ಅದರಲ್ಲಿ 2,360 ಸ್ಟಾಫ್ ವಸೂಲಿಗೆ ಕ್ರೆಡಿಟ್. ಸಂಬಳದ ಖರ್ಚನ್ನೇ 15,640 ಅಂತ ಬರೆಯಬೇಡಿ. ಕಡಿತದ ರಿಜಿಸ್ಟರ್‌ನಲ್ಲೂ ಪೇ ಸ್ಲಿಪ್‌ನಲ್ಲೂ ಇದು ಬೇರೆ ಸಾಲಾಗಿ ಇರಬೇಕು.

ಇನ್ನೊಂದು ಸಾಧ್ಯತೆ. ಎರಡು ಕಂತು ಮುಗಿದ ಮೇಲೆ ಒಬ್ಬ ಎಲೆಕ್ಟ್ರಿಷಿಯನ್ ಬಂದು ‘ಆವತ್ತು 4 ಕಾಯಿಲ್ ಒಯ್ದಿದ್ದೆ, ಬಿಲ್ ಮಾಡಿ’ ಅಂದರೆ? ಅವರ ಹೆಸರಿಗೆ ಬಿಲ್ ಆಗಬೇಕು, ತೆರಿಗೆ ಕಟ್ಟಬೇಕು, ವಾಪಸ್ ಮಾಡಿದ 1,080ನ್ನು ಹೇಗೆ ತೋರಿಸೋದು ಅಂತ ಆಡಿಟರ್ ಜೊತೆ ಕೂತು ನೋಡಬೇಕು. ಆದರೆ ಅದಕ್ಕೂ ಮೊದಲು ಸ್ಟೋರ್‌ಕೀಪರ್‌ಗೆ ಅವರ 4,720 ವಾಪಸ್ ಕೊಡಬೇಕು, ಮೂರನೇ ಕಂತು ನಿಲ್ಲಿಸಬೇಕು.